ಚಾಕು ಒಯ್ಯುವಿಕೆಯ ನಿಯಂತ್ರಣ

ಚಾಕು ಒಯ್ಯುವಿಕೆಯ ನಿಯಂತ್ರಣ ಎಂದರೆ ಸಾರ್ವಜನಿಕ ಸ್ಥಳದಲ್ಲಿ ಯಾವ ಬಗೆಯ ಚಾಕುವನ್ನು ಜೊತೆಯಲ್ಲಿ ಇಟ್ಟುಕೊಳ್ಳಬಹುದು, ಯಾವುದನ್ನು ಇಟ್ಟುಕೊಳ್ಳಬಾರದು ಎಂಬುದನ್ನು ನಿರ್ಧರಿಸುವ ಕಾನೂನು ನಿಯಮಗಳ ಸಮೂಹ. ಅನೇಕ ದೇಶಗಳಲ್ಲಿ ಈ ನಿಯಮಗಳು ಚಾಕುವಿನ ಮೂರು ಲಕ್ಷಣಗಳನ್ನು ಆಧರಿಸಿವೆ: ಅಲಗಿನ ಉದ್ದ, ಅಲಗನ್ನು ತೆರೆಯುವ ವಿಧಾನ ಮತ್ತು ತೆರೆದ ಅಲಗನ್ನು ಸ್ಥಿರವಾಗಿ ಹಿಡಿದಿಡುವ ಲಾಕ್. ಚಾಕು ಒಯ್ಯುವ ವ್ಯಕ್ತಿಯ ಉದ್ದೇಶವನ್ನು ನೇರವಾಗಿ ಅಳೆಯಲು ಸಾಧ್ಯವಿಲ್ಲದಿರುವುದರಿಂದ, ಅಳೆಯಬಹುದಾದ ಅಥವಾ ಕೈಯಲ್ಲಿ ಹಿಡಿದು ಪರೀಕ್ಷಿಸಬಹುದಾದ ಈ ಲಕ್ಷಣಗಳನ್ನು ಕಾನೂನು ಉದ್ದೇಶದ ಬದಲಿಗೆ ಬಳಸುತ್ತದೆ. ಈ ಲೇಖನವು ಮುಖ್ಯವಾಗಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನನ್ನು ವಿವರಿಸುತ್ತದೆ. ನ್ಯೂಯಾರ್ಕ್, ಜರ್ಮನಿ ಮತ್ತು ಭಾರತದ ನಿಯಮಗಳನ್ನು ಹೋಲಿಕೆಗಾಗಿ ನೀಡಲಾಗಿದೆ.

## ಹಿನ್ನೆಲೆ: ಉದ್ದೇಶದಿಂದ ವಸ್ತುವಿನ ಕಡೆಗೆ

ಚಾಕು ಏಕಕಾಲದಲ್ಲಿ ಉಪಕರಣವೂ ಹೌದು, ಆಯುಧವೂ ಹೌದು. ಹಣ್ಣು ಹೆಚ್ಚುವ ಚಾಕುವಿನಿಂದಲೇ ಮನುಷ್ಯನನ್ನು ಇರಿಯಲೂಬಹುದು. ಆದ್ದರಿಂದ ಚಾಕುವನ್ನು ಸಂಪೂರ್ಣವಾಗಿ ನಿಷೇಧಿಸಲೂ ಆಗದು, ಸಂಪೂರ್ಣವಾಗಿ ಮುಕ್ತವಾಗಿ ಬಿಡಲೂ ಆಗದು ಎಂಬ ಇಕ್ಕಟ್ಟು ಎಲ್ಲ ಶಾಸನಕರ್ತರಿಗೂ ಎದುರಾಗುತ್ತದೆ.

ಬ್ರಿಟನ್ನಿನಲ್ಲಿ 1953ರ ಅಪರಾಧ ತಡೆ ಕಾಯ್ದೆಯು ಸಾರ್ವಜನಿಕ ಸ್ಥಳದಲ್ಲಿ ಆಕ್ರಮಣಕಾರಿ ಆಯುಧವನ್ನು ಇಟ್ಟುಕೊಳ್ಳುವುದನ್ನು ಅಪರಾಧವೆಂದು ಘೋಷಿಸಿತು. ಈ ಕಾಯ್ದೆಯ ಪ್ರಕಾರ ಆಕ್ರಮಣಕಾರಿ ಆಯುಧವು ಮೂರು ಬಗೆಯದು: ಗಾಯಗೊಳಿಸಲೆಂದೇ ತಯಾರಾದದ್ದು, ಗಾಯಗೊಳಿಸಲು ಅನುಕೂಲವಾಗುವಂತೆ ಮಾರ್ಪಡಿಸಿದ್ದು, ಹಾಗೂ ಗಾಯಗೊಳಿಸುವ ಉದ್ದೇಶದಿಂದ ಜೊತೆಯಲ್ಲಿ ಇಟ್ಟುಕೊಂಡದ್ದು. ಅಡುಗೆಮನೆಯ ಚಾಕು ಮತ್ತು ಸಾಮಾನ್ಯ ಮಡಚುವ ಚಾಕು ಮೂರನೆಯ ವರ್ಗಕ್ಕೆ ಮಾತ್ರ ಸೇರಬಲ್ಲವು. ಅಂದರೆ ಒಯ್ಯುವವನ ಮನಸ್ಸಿನಲ್ಲಿ ಕೆಟ್ಟ ಉದ್ದೇಶವಿತ್ತೆಂದು ಸರ್ಕಾರಿ ವಕೀಲರು ಸಾಬೀತುಪಡಿಸಬೇಕಾಗಿತ್ತು. ಚಾಕು ಜೇಬಿನಲ್ಲೇ ಇದ್ದಾಗ ಇದನ್ನು ಸಾಬೀತುಪಡಿಸುವುದು ಕಷ್ಟವಾಗಿತ್ತು.

1988ರ ಕ್ರಿಮಿನಲ್ ನ್ಯಾಯ ಕಾಯ್ದೆಯ 139ನೆಯ ಸೆಕ್ಷನ್ ಈ ಕ್ರಮವನ್ನು ತಿರುಗಿಸಿತು. ಅಲಗುಳ್ಳ ಅಥವಾ ಚೂಪಾದ ಮೊನೆಯುಳ್ಳ ವಸ್ತು ಸಾರ್ವಜನಿಕ ಸ್ಥಳದಲ್ಲಿ ವ್ಯಕ್ತಿಯ ಬಳಿ ಇರುವುದೇ ಅಪರಾಧವಾಯಿತು. ಸರಿಯಾದ ಕಾರಣವಿತ್ತೆಂದು ತೋರಿಸುವ ಹೊಣೆ ಈಗ ಒಯ್ಯುವವನ ಮೇಲೆ ಬಿದ್ದಿತು. ಉದ್ಯೋಗದ ಬಳಕೆ, ಧಾರ್ಮಿಕ ಕಾರಣ ಮತ್ತು ರಾಷ್ಟ್ರೀಯ ಉಡುಪಿನ ಭಾಗವಾಗಿರುವುದನ್ನು ಕಾಯ್ದೆಯೇ ಸಮರ್ಥನೆಗಳೆಂದು ಹೆಸರಿಸುತ್ತದೆ. ಕೆಲಸಕ್ಕೆ ತನ್ನ ಚಾಕುಗಳನ್ನು ಕೊಂಡೊಯ್ಯುವ ಬಾಣಸಿಗ, ಕಿರ್ಪಾನ್ ಧರಿಸುವ ಸಿಖ್ಖರು ಹಾಗೂ ಸಾಂಪ್ರದಾಯಿಕ ಉಡುಪಿನೊಂದಿಗೆ ಕಾಲುಚೀಲದಲ್ಲಿ ಸಣ್ಣ ಚಾಕು ಸಿಕ್ಕಿಸಿಕೊಳ್ಳುವ ಸ್ಕಾಟ್ಲೆಂಡಿನವರು ಇದರಿಂದ ರಕ್ಷಣೆ ಪಡೆಯುತ್ತಾರೆ. ಚಾಕು ಚೀಲದಲ್ಲಿದ್ದುದು ಮರೆತುಹೋಗಿತ್ತು ಎಂಬುದು ಮಾತ್ರವೇ ಸರಿಯಾದ ಕಾರಣವಾಗುವುದಿಲ್ಲ ಎಂದು ನ್ಯಾಯಾಲಯಗಳು ಹೇಳಿವೆ.

ಹೀಗೆ ಉದ್ದೇಶವನ್ನು ಬದಿಗಿಟ್ಟಾಗ ಹೊಸ ಸಮಸ್ಯೆಯೊಂದು ಹುಟ್ಟಿತು. ಪೆನ್ಸಿಲ್ ಕೆತ್ತಲು ಜೇಬಿನಲ್ಲಿ ಪುಟ್ಟ ಚಾಕು ಇಟ್ಟುಕೊಳ್ಳುವ ಲಕ್ಷಾಂತರ ಜನರೂ ಅಪರಾಧಿಗಳಾಗುತ್ತಿದ್ದರು. ಅವರನ್ನು ಹೊರಗಿಡಲು ಕಾಯ್ದೆಯು ಮಡಚುವ ಜೇಬುಚಾಕುವಿಗೆ ವಿನಾಯಿತಿ ನೀಡಿತು. ವಿನಾಯಿತಿಗೆ ಗಡಿ ಬೇಕು. ಆ ಗಡಿಯನ್ನು ಗುರುತಿಸುವ ಅಗತ್ಯದಿಂದಲೇ ಉದ್ದ ಮತ್ತು ಲಾಕ್‌ಗಳ ಪ್ರಶ್ನೆ ಕಾನೂನಿನೊಳಗೆ ಬಂದಿತು. ತೆರೆಯುವ ವಿಧಾನದ ಪ್ರಶ್ನೆ ಅದಕ್ಕೂ ಹಳೆಯದು.

## ಅಲಗಿನ ಉದ್ದ

139ನೆಯ ಸೆಕ್ಷನ್ ಪ್ರಕಾರ ಮಡಚುವ ಜೇಬುಚಾಕುವಿನ ಹರಿತವಾದ ಅಂಚು 3 ಅಂಗುಲವನ್ನು, ಅಂದರೆ 7.62 ಸೆಂಟಿಮೀಟರನ್ನು ಮೀರಿದರೆ ವಿನಾಯಿತಿ ಇಲ್ಲ. ಇಲ್ಲಿ ಅಳೆಯಬೇಕಾದದ್ದು ಹಿಡಿಯಿಂದ ಮೊನೆಯವರೆಗಿನ ಒಟ್ಟು ಅಲಗನ್ನಲ್ಲ, ಕತ್ತರಿಸುವ ಅಂಚನ್ನು. ಅನೇಕ ಚಾಕುಗಳಲ್ಲಿ ಹಿಡಿಯ ಪಕ್ಕದ ಸ್ವಲ್ಪ ಭಾಗಕ್ಕೆ ಸಾಣೆ ಹಿಡಿದಿರುವುದಿಲ್ಲ. ಆ ಭಾಗ ಲೆಕ್ಕಕ್ಕೆ ಸೇರದು. ಕಾನೂನಿನಲ್ಲಿ ಯಾವ ಉದ್ದವನ್ನು ಅಳೆಯಬೇಕೆಂದು ಸ್ಪಷ್ಟವಾಗಿ ಹೇಳದಿದ್ದರೆ ಇಂತಹ ಕೆಲವು ಮಿಲಿಮೀಟರುಗಳೇ ವ್ಯಾಜ್ಯಕ್ಕೆ ಕಾರಣವಾಗುತ್ತವೆ.

ಉದ್ದವನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಮೊದಲನೆಯದು ಅಳತೆಯ ಸರಳತೆ. ಅಳತೆಪಟ್ಟಿಯೊಂದಿದ್ದರೆ ಪೊಲೀಸರೂ, ನ್ಯಾಯಾಲಯವೂ, ಚಾಕು ಕೊಳ್ಳುವವನೂ ಒಂದೇ ಉತ್ತರಕ್ಕೆ ಬರಬಹುದು. ಎರಡನೆಯದು ಗಾಯದ ಆಳಕ್ಕೂ ಅಲಗಿನ ಉದ್ದಕ್ಕೂ ಇರುವ ಸಂಬಂಧ. ಹಗ್ಗ ಕತ್ತರಿಸುವುದು, ಪೊಟ್ಟಣ ತೆರೆಯುವುದು, ಹಣ್ಣು ಹೆಚ್ಚುವುದು ಮೊದಲಾದ ನಿತ್ಯದ ಕೆಲಸಗಳಿಗೆ ಸಣ್ಣ ಅಲಗು ಸಾಕು. ಉದ್ದ ಹೆಚ್ಚಿದಂತೆ ದೇಹದ ಒಳಗಿನ ಅಂಗಗಳನ್ನು ತಲುಪುವ ಅಪಾಯ ಹೆಚ್ಚುತ್ತದೆ ಎಂಬುದು ಇದರ ಹಿಂದಿನ ತರ್ಕ.

ಈ ತರ್ಕಕ್ಕೆ ಮಿತಿಯಿದೆ. ಇರಿತದ ಗಾಯವು ಅಲಗಿನ ಉದ್ದಕ್ಕಿಂತ ಆಳವಾಗಿರಬಹುದೆಂಬುದು ನ್ಯಾಯವೈದ್ಯಶಾಸ್ತ್ರದಲ್ಲಿ ತಿಳಿದ ಸಂಗತಿ. ಹೊಟ್ಟೆಯಂತಹ ಮೃದುವಾದ ಭಾಗವು ಒತ್ತಡಕ್ಕೆ ಒಳಕ್ಕೆ ಕುಗ್ಗುವುದೇ ಇದಕ್ಕೆ ಕಾರಣ. ಚರ್ಮವನ್ನು ಭೇದಿಸುವಲ್ಲಿ ಉದ್ದಕ್ಕಿಂತ ಮೊನೆಯ ಚೂಪೇ ಮುಖ್ಯವೆಂದೂ ಆ ಶಾಸ್ತ್ರ ಹೇಳುತ್ತದೆ. ಆದ್ದರಿಂದ 7.5 ಸೆಂಟಿಮೀಟರಿನ ಅಲಗು ನಿರಪಾಯಕಾರಿ, 8 ಸೆಂಟಿಮೀಟರಿನದು ಅಪಾಯಕಾರಿ ಎಂಬ ಭೇದ ದೇಹರಚನೆಯಲ್ಲಿ ಇಲ್ಲ. ಗಡಿಯನ್ನು ಎಲ್ಲಿಯಾದರೂ ಎಳೆಯಲೇಬೇಕಾದ್ದರಿಂದ ಎಳೆಯಲಾಗಿದೆ. ದೇಶದಿಂದ ದೇಶಕ್ಕೆ ಅಂಕಿ ಬದಲಾಗುವುದಕ್ಕೂ ಇದೇ ಕಾರಣ. ಜರ್ಮನಿಯಲ್ಲಿ ಮಡಚಲಾಗದ ಸ್ಥಿರ ಅಲಗಿನ ಚಾಕುವಿಗೆ 12 ಸೆಂಟಿಮೀಟರಿನ ಮಿತಿಯಿದ್ದರೆ, ಇಂಗ್ಲೆಂಡಿನಲ್ಲಿ ಸ್ಥಿರ ಅಲಗು ಎಷ್ಟೇ ಚಿಕ್ಕದಾಗಿದ್ದರೂ ವಿನಾಯಿತಿ ದೊರೆಯುವುದಿಲ್ಲ.

## ತೆರೆಯುವ ವಿಧಾನ

ಮಡಚುವ ಚಾಕುಗಳನ್ನು ತೆರೆಯುವ ವಿಧಾನಗಳು ಹಲವು. ಹಳೆಯ ಜೇಬುಚಾಕುವಿನ ಅಲಗಿನಲ್ಲಿ ಉಗುರು ಸಿಕ್ಕಿಸಲು ಒಂದು ಸಣ್ಣ ಗೀರು ಇರುತ್ತದೆ. ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯ ಉಗುರಿನಿಂದ ಅಲಗನ್ನು ಎಳೆಯಬೇಕು. ಕೆಲವು ಚಾಕುಗಳ ಅಲಗಿನಲ್ಲಿ ಹೆಬ್ಬೆರಳಿಗೆ ಸಿಗುವ ಗುಬಟೆ ಅಥವಾ ರಂಧ್ರವಿದ್ದು, ಹಿಡಿದ ಕೈಯಿಂದಲೇ ತೆರೆಯಬಹುದು. ಗುಂಡಿಚಾಕುವಿನಲ್ಲಿ ಗುಂಡಿ ಒತ್ತಿದ ಕೂಡಲೇ ಸ್ಪ್ರಿಂಗ್ ಅಲಗನ್ನು ಹೊರಚಿಮ್ಮಿಸುತ್ತದೆ. ಗುರುತ್ವಚಾಕುವಿನಲ್ಲಿ ಹಿಡಿತ ಸಡಿಲಿಸಿದಾಗ ಅಲಗು ತನ್ನ ತೂಕದಿಂದ ಅಥವಾ ಕೈ ಬೀಸಿದ ರಭಸದಿಂದ ಹೊರಬಂದು ನಿಲ್ಲುತ್ತದೆ.

ಕಾನೂನು ಇಲ್ಲಿ ಗಮನಿಸುವುದು ವೇಗ ಮತ್ತು ಮರೆಮಾಚುವಿಕೆಯ ಜೋಡಿಯನ್ನು. ದೊಡ್ಡ ಸ್ಥಿರ ಚಾಕು ಬೇಗ ಕೈಗೆ ಸಿಗುತ್ತದೆ, ಆದರೆ ಅಡಗಿಸುವುದು ಕಷ್ಟ. ಸಾಮಾನ್ಯ ಮಡಚುವ ಚಾಕು ಅಡಗುತ್ತದೆ, ಆದರೆ ತೆರೆಯಲು ಎರಡು ಕೈ ಮತ್ತು ಕೆಲವು ಕ್ಷಣ ಬೇಕು. ಆ ಕ್ಷಣಗಳಲ್ಲಿ ಎದುರಿನವರು ದೂರ ಸರಿಯಬಹುದು, ಸಿಟ್ಟು ಇಳಿಯಬಹುದು. ಗುಂಡಿಚಾಕು ಅಡಗುವುದೂ ಹೌದು, ಕ್ಷಣಾರ್ಧದಲ್ಲಿ ತೆರೆಯುವುದೂ ಹೌದು.

ಆದರೆ ಗುಂಡಿಚಾಕುವಿನ ನಿಷೇಧಕ್ಕೆ ತಾಂತ್ರಿಕ ತರ್ಕದಷ್ಟೇ ಆ ಕಾಲದ ಆತಂಕವೂ ಕಾರಣವಾಗಿತ್ತು. 1950ರಲ್ಲಿ ಅಮೆರಿಕದ ಮಹಿಳಾ ಮಾಸಪತ್ರಿಕೆಯೊಂದು ಈ ಚಾಕುವನ್ನು ಕೊಲ್ಲುವ ಆಟಿಕೆಯೆಂದು ಬಣ್ಣಿಸಿ ಲೇಖನ ಪ್ರಕಟಿಸಿತು. ಹದಿಹರೆಯದವರ ಗುಂಪುಗಳ ಕುರಿತ ಚಲನಚಿತ್ರ ಮತ್ತು ನಾಟಕಗಳಲ್ಲಿ ಅದು ಪುಂಡತನದ ಗುರುತಾಯಿತು. 1958ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರವು ರಾಜ್ಯಗಳ ನಡುವೆ ಗುಂಡಿಚಾಕುಗಳ ವ್ಯಾಪಾರವನ್ನು ನಿಷೇಧಿಸಿತು. ಮರುವರ್ಷ, 1959ರಲ್ಲಿ, ಬ್ರಿಟನ್ ಗುಂಡಿಚಾಕು ಮತ್ತು ಗುರುತ್ವಚಾಕುಗಳ ತಯಾರಿಕೆ, ಮಾರಾಟ ಮತ್ತು ಆಮದುಗಳನ್ನು ನಿಷೇಧಿಸುವ ಕಾಯ್ದೆ ತಂದಿತು.

ಯಂತ್ರರಚನೆಯನ್ನು ಆಧರಿಸಿದ ವ್ಯಾಖ್ಯಾನವನ್ನು ಹೊಸ ರಚನೆ ಮೀರಿಸುತ್ತದೆ. ಮುಂದೆ ಬಂದ ಸಹಾಯಕ ಸ್ಪ್ರಿಂಗ್ ಚಾಕುಗಳಲ್ಲಿ ಬಳಕೆದಾರನು ಅಲಗನ್ನು ಸ್ವಲ್ಪ ತೆರೆಯಬೇಕು. ಉಳಿದದ್ದನ್ನು ಸ್ಪ್ರಿಂಗ್ ಪೂರೈಸುತ್ತದೆ. ಇವು ಗುಂಡಿಚಾಕುಗಳೇ ಎಂಬ ಪ್ರಶ್ನೆಗೆ ಎರಡು ದೇಶಗಳು ವಿರುದ್ಧ ಉತ್ತರ ಕೊಟ್ಟಿವೆ. ಅಮೆರಿಕವು 2009ರ ತಿದ್ದುಪಡಿಯಲ್ಲಿ ಇವುಗಳನ್ನು ಒಕ್ಕೂಟದ ನಿಷೇಧದಿಂದ ಹೊರಗಿಟ್ಟಿತು. ಬ್ರಿಟನ್ 2019ರ ಕಾಯ್ದೆಯಲ್ಲಿ, ಭಾಗಶಃ ತೆರೆದ ಸ್ಥಿತಿಯಿಂದ ತಾನಾಗಿ ಪೂರ್ತಿ ತೆರೆಯುವ ಚಾಕುವನ್ನೂ ವ್ಯಾಖ್ಯಾನದೊಳಗೆ ಸೇರಿಸಿತು. ಅಂತಹ ಚಾಕುವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ 2021ರ ಜುಲೈಯಿಂದ ಅಪರಾಧವಾಗಿದೆ.

### ನ್ಯೂಯಾರ್ಕಿನ ಮಣಿಕಟ್ಟಿನ ಪರೀಕ್ಷೆ

ತೆರೆಯುವ ವಿಧಾನವನ್ನು ಆಧರಿಸಿದ ನಿಯಮ ಹೇಗೆ ವಿಫಲವಾಗಬಹುದು ಎಂಬುದಕ್ಕೆ ನ್ಯೂಯಾರ್ಕ್ ರಾಜ್ಯ ಪ್ರಸಿದ್ಧ ಉದಾಹರಣೆ. ಅಲ್ಲಿನ 1958ರ ಕಾನೂನು, ಗುರುತ್ವಾಕರ್ಷಣೆಯಿಂದ ಅಥವಾ ಬೀಸಿದ ರಭಸದಿಂದ ತೆರೆದು ಲಾಕ್ ಆಗುವ ಚಾಕುವನ್ನು ನಿಷೇಧಿಸಿತ್ತು. ಶಾಸನದ ಗುರಿ ಎರಡನೆಯ ಮಹಾಯುದ್ಧದ ಕಾಲದ ಸೈನಿಕ ಚಾಕುವಿನಂತಹ ರಚನೆಯಾಗಿದ್ದರೂ, ಪೊಲೀಸರು ಚಾಕುವನ್ನು ಹಿಡಿದು ಮಣಿಕಟ್ಟನ್ನು ಝಾಡಿಸಿ ನೋಡುತ್ತಿದ್ದರು; ಅಲಗು ತೆರೆದುಕೊಂಡರೆ ಅದು ನಿಷಿದ್ಧ ಚಾಕು ಎನಿಸುತ್ತಿತ್ತು. ಉಪಕರಣಗಳ ಅಂಗಡಿಗಳಲ್ಲಿ ಬಹಿರಂಗವಾಗಿ ಮಾರಾಟವಾಗುತ್ತಿದ್ದ ಕೆಲಸದ ಚಾಕುಗಳೂ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಿದ್ದವು.

ಇಲ್ಲಿನ ದೋಷ ಅಳತೆಗೆ ಸಂಬಂಧಿಸಿದ್ದು. ಒಂದೇ ಚಾಕು ಬಲವಾದ, ಪಳಗಿದ ಕೈಯಲ್ಲಿ ತೆರೆದುಕೊಳ್ಳುತ್ತದೆ. ಇನ್ನೊಬ್ಬರ ಕೈಯಲ್ಲಿ ತೆರೆದುಕೊಳ್ಳದು. ಬಳಕೆಯಿಂದ ತಿರುಗುಮೊಳೆ ಸಡಿಲವಾದರೆ ನಿನ್ನೆ ಕಾನೂನುಬದ್ಧವಾಗಿದ್ದ ಚಾಕು ಇಂದು ಅಕ್ರಮವಾಗಬಹುದು. ಬಾಣಸಿಗನೊಬ್ಬನು ಹೂಡಿದ ಮೊಕದ್ದಮೆಯಲ್ಲಿ ಒಕ್ಕೂಟ ನ್ಯಾಯಾಲಯವು 2019ರ ಮಾರ್ಚ್‌ನಲ್ಲಿ, ಅವನಿಗೆ ಅನ್ವಯಿಸಿದ ರೀತಿಯಲ್ಲಿ ಈ ನಿಷೇಧವು ಅಸ್ಪಷ್ಟತೆಯ ಕಾರಣದಿಂದ ಸಂವಿಧಾನಬಾಹಿರವೆಂದು ತೀರ್ಪು ನೀಡಿತು. ಅದೇ ವರ್ಷದ ಮೇ 30ರಂದು ರಾಜ್ಯವು ಗುರುತ್ವಚಾಕು ಇಟ್ಟುಕೊಳ್ಳುವುದರ ಮೇಲಿನ ನಿಷೇಧವನ್ನು ರದ್ದುಪಡಿಸಿತು.

## ಲಾಕ್

ಲಾಕ್ ಇಲ್ಲದ ಸಾಂಪ್ರದಾಯಿಕ ಜೇಬುಚಾಕುವಿನಲ್ಲಿ ಹಿಡಿಯ ಬೆನ್ನಿನುದ್ದಕ್ಕೂ ಒಂದು ಪಟ್ಟಿ ಸ್ಪ್ರಿಂಗ್ ಇರುತ್ತದೆ. ಅದು ಅಲಗಿನ ಬುಡವನ್ನು ಒತ್ತಿ ಹಿಡಿಯುವುದರಿಂದ ಅಲಗು ತೆರೆದ ಸ್ಥಿತಿಯಲ್ಲಿ ನಿಲ್ಲುತ್ತದೆ. ಆದರೆ ಅಲಗಿನ ಬೆನ್ನನ್ನು ಸಾಕಷ್ಟು ಬಲವಾಗಿ ಒತ್ತಿದರೆ ಸ್ಪ್ರಿಂಗ್ ಮಣಿದು ಅಲಗು ಮಡಚಿಕೊಳ್ಳುತ್ತದೆ. ಲಾಕ್ ಚಾಕುವಿನಲ್ಲಿ ಲೋಹದ ಒಂದು ಭಾಗವು ಅಲಗಿನ ಬುಡಕ್ಕೆ ಅಡ್ಡ ಬಂದು ನಿಲ್ಲುತ್ತದೆ. ಗುಂಡಿ ಒತ್ತಿ ಅಥವಾ ಆ ಭಾಗವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ಬಿಡಿಸದ ಹೊರತು ಅಲಗು ಮಡಚುವುದಿಲ್ಲ.

ಬಳಕೆದಾರನ ದೃಷ್ಟಿಯಲ್ಲಿ ಲಾಕ್ ಸುರಕ್ಷತೆಯ ಸಾಧನ. ಗಟ್ಟಿಯಾದ ವಸ್ತುವಿನೊಳಗೆ ಮೊನೆಯನ್ನು ಚುಚ್ಚುವಾಗ ಲಾಕ್ ಇಲ್ಲದ ಅಲಗು ಹಠಾತ್ತಾಗಿ ಮಡಚಿ ಬೆರಳನ್ನು ಕೊಯ್ಯಬಹುದು. ಆದರೆ ಇದೇ ಗುಣ ಶಾಸನಕರ್ತರ ದೃಷ್ಟಿಯಲ್ಲಿ ಅಪಾಯವಾಗುತ್ತದೆ. ಮೊನೆಯಿಂದ ಚುಚ್ಚಿದರೂ ಮಡಚದ ಚಾಕು ಇರಿಯಲು ಯೋಗ್ಯವಾಗಿದ್ದು, ತೆರೆದ ನಂತರ ಅದು ಸ್ಥಿರ ಅಲಗಿನ ಚಾಕುವಿನಂತೆಯೇ ವರ್ತಿಸುತ್ತದೆ. ಲಾಕ್ ಇಲ್ಲದ ಚಾಕು ಇರಿಯುವವನ ಕೈಯನ್ನೇ ಗಾಯಗೊಳಿಸುವ ಸಂಭವವಿದೆ. ಕಾನೂನು ಈ ಅನನುಕೂಲವನ್ನು ಉಳಿಸಿಕೊಳ್ಳಲು ಬಯಸುತ್ತದೆ.

### ಹ್ಯಾರಿಸ್ ಪ್ರಕರಣ

1988ರ ಕಾಯ್ದೆಯ ಪಠ್ಯದಲ್ಲಿ ಲಾಕ್ ಎಂಬ ಪದವೇ ಇಲ್ಲ. ಮಡಚುವ ಜೇಬುಚಾಕು ಎಂದರೇನು ಎಂಬುದನ್ನೂ ಅದು ವ್ಯಾಖ್ಯಾನಿಸಿಲ್ಲ. 3 ಅಂಗುಲಕ್ಕಿಂತ ಚಿಕ್ಕದಾದ, ಆದರೆ ಲಾಕ್ ಇರುವ ಚಾಕು ವಿನಾಯಿತಿಗೆ ಒಳಪಡುತ್ತದೆಯೇ ಎಂಬ ಪ್ರಶ್ನೆ ಹ್ಯಾರಿಸ್ ಪ್ರಕರಣದಲ್ಲಿ ಎದುರಾಯಿತು. ಅದರ ತೀರ್ಪು 1993ರ ಕಾನೂನು ವರದಿಗಳಲ್ಲಿ ಪ್ರಕಟವಾಗಿದೆ. ಅಲಗು ಮಡಚುತ್ತದೆ, ಚಾಕು ಜೇಬಿನಲ್ಲಿ ಹಿಡಿಯುತ್ತದೆ, ಉದ್ದವೂ ಮಿತಿಯೊಳಗಿದೆ. ಹಾಗಾಗಿ ಇದು ಮಡಚುವ ಜೇಬುಚಾಕುವೇ ಎಂಬುದು ಆರೋಪಿಯ ಪರ ವಾದವಾಗಿತ್ತು.

ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಮಡಚುವ ಚಾಕು ಎನಿಸಿಕೊಳ್ಳಬೇಕಾದರೆ ಅದು ಎಲ್ಲ ಸಮಯದಲ್ಲೂ, ಮಡಚುವ ಕ್ರಿಯೆಯೊಂದರಿಂದಲೇ, ತಕ್ಷಣ ಮಡಚುವಂತಿರಬೇಕು ಎಂದು ಅದು ಹೇಳಿತು. ಪೂರ್ತಿ ತೆರೆದ ಲಾಕ್ ಚಾಕುವನ್ನು ಮಡಚಲು ಮೊದಲು ಗುಂಡಿ ಒತ್ತುವ ಇನ್ನೊಂದು ಕ್ರಿಯೆ ಬೇಕು. ಆದ್ದರಿಂದ ಅದು ವಿನಾಯಿತಿಯ ಹೊರಗೆ ಉಳಿಯುತ್ತದೆ. ಮೇಲ್ಮನವಿ ನ್ಯಾಯಾಲಯವು 1998ರ ಡೀಗನ್ ಪ್ರಕರಣದಲ್ಲಿ ಇದೇ ವ್ಯಾಖ್ಯಾನವನ್ನು ಎತ್ತಿಹಿಡಿಯಿತು. ಮಸೂದೆಯ ಕುರಿತ ಸಂಸತ್ತಿನ ಚರ್ಚೆಯನ್ನು ಆಧರಿಸಿ ಬೇರೆ ಅರ್ಥ ಮಾಡಬೇಕೆಂಬ ವಾದವನ್ನು ಅದು ಸ್ವೀಕರಿಸಲಿಲ್ಲ.

ಈ ತೀರ್ಪಿನ ಪರಿಣಾಮವಾಗಿ, ಇಂಗ್ಲೆಂಡಿನಲ್ಲಿ ಲಾಕ್ ಇರುವ ಅಲಗುಳ್ಳ ಬಹೂಪಯೋಗಿ ಇಕ್ಕಳವನ್ನು ಸಹ ಸರಿಯಾದ ಕಾರಣವಿಲ್ಲದೆ ಒಯ್ಯುವಂತಿಲ್ಲ. ಲಾಕ್ ಚಾಕುವನ್ನು ಹೊಂದುವುದಾಗಲಿ ಕೊಳ್ಳುವುದಾಗಲಿ ಇದರಿಂದ ನಿಷಿದ್ಧವಾಗಲಿಲ್ಲ. ಕಾರಣವಿಲ್ಲದೆ ಸಾರ್ವಜನಿಕ ಸ್ಥಳಕ್ಕೆ ತರುವುದು ಮಾತ್ರ ಅಪರಾಧ.

### ಜರ್ಮನಿಯ ಜೋಡಿ ನಿಯಮ

ಜರ್ಮನಿಯ ಶಸ್ತ್ರ ಕಾಯ್ದೆಗೆ 2008ರಲ್ಲಿ ಸೇರಿಸಿದ ವಿಧಿಯು ಎರಡು ಲಕ್ಷಣಗಳನ್ನು ಒಟ್ಟಿಗೆ ನೋಡುತ್ತದೆ. ಒಂದೇ ಕೈಯಿಂದ ತೆರೆಯಬಹುದಾದ ಮತ್ತು ತೆರೆದಾಗ ಲಾಕ್ ಆಗುವ ಚಾಕುವನ್ನು ನ್ಯಾಯಸಮ್ಮತ ಕಾರಣವಿಲ್ಲದೆ ಒಯ್ಯುವಂತಿಲ್ಲ. ಈ ಎರಡರಲ್ಲಿ ಒಂದು ಲಕ್ಷಣ ಮಾತ್ರ ಇದ್ದರೆ ಈ ವಿಧಿ ಅನ್ವಯಿಸದು. ವೇಗ ಮತ್ತು ದೃಢತೆ ಎರಡೂ ಸೇರಿದಾಗಲೇ ಮಡಚುವ ಚಾಕು ಆಯುಧಕ್ಕೆ ಹತ್ತಿರವಾಗುತ್ತದೆ ಎಂಬುದು ಇಲ್ಲಿನ ನಿಲುವು. ಗುಂಡಿಚಾಕುಗಳ ವಿಷಯದಲ್ಲಿ ಜರ್ಮನಿಯು ಹಿಂದೆ, ಪಕ್ಕದಿಂದ ತೆರೆಯುವ ಮತ್ತು 8.5 ಸೆಂಟಿಮೀಟರ್ ಮೀರದ ಕೆಲವು ಬಗೆಗಳಿಗೆ ಅವಕಾಶ ನೀಡಿತ್ತು. 2024ರ ಅಕ್ಟೋಬರ್‌ನಲ್ಲಿ ಈ ಅವಕಾಶವನ್ನು ಕೆಲವು ವಿನಾಯಿತಿಗಳನ್ನು ಮಾತ್ರ ಉಳಿಸಿ ತೆಗೆದುಹಾಕಲಾಯಿತು.

## ಭಾರತ

ಭಾರತದ ಶಸ್ತ್ರಾಸ್ತ್ರ ನಿಯಮಗಳು ಕತ್ತಿ, ಬಾಕು, ಚಾಕು ಮೊದಲಾದವುಗಳ ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇದ್ದರೆ ಅವನ್ನು ಆಯುಧಗಳ ವರ್ಗದಲ್ಲಿ ಇರಿಸುತ್ತವೆ. ಗೃಹಬಳಕೆ, ಕೃಷಿ, ವೈಜ್ಞಾನಿಕ ಅಥವಾ ಕೈಗಾರಿಕಾ ಉದ್ದೇಶಕ್ಕೆ ರೂಪಿಸಿದ ಉಪಕರಣಗಳು ಈ ವರ್ಗಕ್ಕೆ ಸೇರುವುದಿಲ್ಲ. ಹೀಗಾಗಿ ರೈತನ ಕುಡುಗೋಲಾಗಲಿ ತೆಂಗಿನಕಾಯಿ ಕೆತ್ತುವ ಮಚ್ಚಾಗಲಿ ಕೇವಲ ಅಳತೆಯ ಕಾರಣದಿಂದ ಆಯುಧವಾಗದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 4ನೆಯ ಸೆಕ್ಷನ್ ಪ್ರಕಾರ, ಬಂದೂಕಲ್ಲದ ಇಂತಹ ಆಯುಧಗಳಿಗೆ ಪರವಾನಗಿ ಬೇಕಾಗುವುದು ಸರ್ಕಾರವು ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಮಾತ್ರ. ಸಿಖ್ಖರು ಕಿರ್ಪಾನ್ ಧರಿಸುವುದನ್ನು ಸಂವಿಧಾನದ 25ನೆಯ ವಿಧಿಯ ವಿವರಣೆಯೇ ಅವರ ಧರ್ಮಾಚರಣೆಯ ಭಾಗವೆಂದು ಹೇಳಿದೆ.

ದೆಹಲಿಯ 1980ರ ಅಧಿಸೂಚನೆಯಲ್ಲಿ ಉದ್ದ ಮತ್ತು ತೆರೆಯುವ ವಿಧಾನ ಎರಡೂ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಸ್ಪ್ರಿಂಗ್, ಗುಂಡಿ ಅಥವಾ ಬೇರೆ ಯಾಂತ್ರಿಕ ಸಾಧನದಿಂದ ತೆರೆಯುವ ಅಥವಾ ಮುಚ್ಚುವ, 7.62 ಸೆಂಟಿಮೀಟರ್ ಅಥವಾ ಹೆಚ್ಚು ಉದ್ದ ಹಾಗೂ 1.72 ಸೆಂಟಿಮೀಟರ್ ಅಥವಾ ಹೆಚ್ಚು ಅಗಲದ ಅಲಗುಳ್ಳ ಚಾಕುಗಳಿಗೆ ಅದು ಅನ್ವಯಿಸುತ್ತದೆ. ಈ ಕಾರಣದಿಂದ ಅಲ್ಲಿನ ಪ್ರಕರಣಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಚಾಕುವಿನ ರೇಖಾಚಿತ್ರ ಬರೆದು, ಅಲಗಿನ ಉದ್ದ, ಅಗಲ ಮತ್ತು ಹಿಡಿಯ ಉದ್ದಗಳನ್ನು ಅದರಲ್ಲಿ ನಮೂದಿಸಿ, ಚಾಕುವನ್ನು ಬಟ್ಟೆಯಲ್ಲಿ ಕಟ್ಟಿ ಮುದ್ರೆ ಹಾಕುತ್ತಾರೆ. ಅಳತೆಯೇ ಅಪರಾಧದ ಅಂಗವಾಗಿರುವುದರಿಂದ ಈ ರೇಖಾಚಿತ್ರ ಮುಖ್ಯ ಸಾಕ್ಷ್ಯವಾಗುತ್ತದೆ.

ಕರ್ನಾಟಕ ಪೊಲೀಸ್ ಕಾಯ್ದೆ 1963ರ 35ನೆಯ ಸೆಕ್ಷನ್ ಬೇರೊಂದು ಮಾರ್ಗವನ್ನು ತೋರಿಸುತ್ತದೆ. ಶಾಂತಿ ಕಾಪಾಡುವುದಕ್ಕಾಗಿ ಅಧಿಕಾರಿಯು ನಿರ್ದಿಷ್ಟ ಸ್ಥಳ ಮತ್ತು ಅವಧಿಗೆ ಕತ್ತಿ, ಚಾಕು, ದೊಣ್ಣೆ ಮುಂತಾದವುಗಳನ್ನು ಒಯ್ಯುವುದನ್ನು ನಿಷೇಧಿಸಬಹುದು. ಇಲ್ಲಿ ಚಾಕುವಿನ ರಚನೆಗಿಂತ ಸಂದರ್ಭವೇ ಮುಖ್ಯ.

## ಒಂದೇ ಚಾಕು, ಮೂರು ನಗರಗಳು

ಕತ್ತರಿಸುವ ಅಂಚು 7 ಸೆಂಟಿಮೀಟರ್ ಇರುವ, ಹೆಬ್ಬೆರಳಿನ ಗುಬಟೆಯಿಂದ ಒಂದೇ ಕೈಯಲ್ಲಿ ತೆರೆಯುವ, ಲಾಕ್ ಇರುವ, ಸ್ಪ್ರಿಂಗ್‌ನಿಂದ ಚಿಮ್ಮದ ಒಂದು ಮಡಚುವ ಚಾಕುವನ್ನು ಕಲ್ಪಿಸಿಕೊಳ್ಳಬಹುದು. ಅದನ್ನು ವಿಶೇಷ ಕಾರಣವಿಲ್ಲದೆ ಜೇಬಿನಲ್ಲಿ ಇಟ್ಟುಕೊಂಡವನ ಸ್ಥಿತಿ ನಗರದಿಂದ ನಗರಕ್ಕೆ ಬದಲಾಗುತ್ತದೆ.

* '''ಲಂಡನ್:''' ಉದ್ದವು ಮಿತಿಯೊಳಗಿದ್ದರೂ ಲಾಕ್ ಇರುವುದರಿಂದ ವಿನಾಯಿತಿ ಇಲ್ಲ. ಅದೇ ಚಾಕು ಲಾಕ್ ಇಲ್ಲದೆ, ಪಟ್ಟಿ ಸ್ಪ್ರಿಂಗ್‌ನಿಂದ ಮಾತ್ರ ನಿಲ್ಲುವಂತಿದ್ದರೆ, ಒಂದು ಕೈಯಿಂದ ತೆರೆಯಬಹುದಾದರೂ ಒಯ್ಯಬಹುದು.
* '''ಬರ್ಲಿನ್:''' ಒಂದು ಕೈಯ ತೆರೆಯುವಿಕೆ ಮತ್ತು ಲಾಕ್ ಎರಡೂ ಇರುವುದರಿಂದ ಒಯ್ಯುವಂತಿಲ್ಲ. ಗುಬಟೆಯಿಲ್ಲದೆ ಎರಡು ಕೈಗಳಿಂದಲೇ ತೆರೆಯಬೇಕಾದ ರಚನೆಯಾದರೆ ಲಾಕ್ ಇದ್ದರೂ ಈ ವಿಧಿ ಅಡ್ಡಿಯಾಗದು. ಆದರೆ ಚಾಕು ನಿಷೇಧಿತ ವಲಯಗಳಿಗೆ ಪ್ರತ್ಯೇಕ ನಿಯಮಗಳಿವೆ.
* '''ದೆಹಲಿ:''' ಅಲಗಿನ ಒಟ್ಟು ಉದ್ದವೂ 7.62 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಚಾಕುವಿನ ಯಾಂತ್ರಿಕ ರಚನೆ ಏನೇ ಆಗಿದ್ದರೂ 1980ರ ಅಧಿಸೂಚನೆಯ ಅಳತೆಗೆ ಅದು ಒಳಪಡದು.

ತಯಾರಕರೂ ಈ ಗಡಿಗಳಿಗೆ ತಕ್ಕಂತೆ ಚಾಕುಗಳನ್ನು ರೂಪಿಸುತ್ತಾರೆ. ಬ್ರಿಟಿಷ್ ಮಾರುಕಟ್ಟೆಗೆ 3 ಅಂಗುಲಕ್ಕಿಂತ ಚಿಕ್ಕದಾದ ಲಾಕ್‌ರಹಿತ ಮಾದರಿಗಳೂ, ಜರ್ಮನಿಗೆ ಎರಡು ಕೈಗಳಿಂದ ತೆರೆಯುವ ಲಾಕ್ ಮಾದರಿಗಳೂ ಬಂದಿವೆ.

## ಮಿತಿಗಳು ಮತ್ತು ಟೀಕೆ

ಈ ನಿಯಮಗಳ ಮೇಲಿನ ಮುಖ್ಯ ಟೀಕೆಯೆಂದರೆ, ಅವು ಗಮನವಿಡುವ ಚಾಕುಗಳೂ ಹಿಂಸೆಯಲ್ಲಿ ಬಳಕೆಯಾಗುವ ಚಾಕುಗಳೂ ಬಹುಮಟ್ಟಿಗೆ ಬೇರೆ ಬೇರೆ ಎಂಬುದು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಅಧಿಕೃತ ಅಂಕಿಅಂಶಗಳ ಪ್ರಕಾರ, ಹರಿತವಾದ ಆಯುಧದಿಂದಾದ ಕೊಲೆಗಳಲ್ಲಿ ಗುರುತಿಸಲಾದ ಆಯುಧಗಳ ಪೈಕಿ ಅಡುಗೆಮನೆಯ ಚಾಕುವೇ ಹೆಚ್ಚು. ಅದಕ್ಕೆ ಗುಂಡಿಯಿಲ್ಲ, ಮಡಿಕೆಯಿಲ್ಲ, ಲಾಕ್ ಇಲ್ಲ. ಪ್ರತಿ ಮನೆಯಲ್ಲೂ ಇರುತ್ತದೆ. 2005ರಲ್ಲಿ ಮೂವರು ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ, ಉದ್ದನೆಯ ಅಡುಗೆ ಚಾಕುವಿಗೆ ಚೂಪಾದ ಮೊನೆಯ ಅಗತ್ಯವೇ ಇಲ್ಲವೆಂದು ವಾದಿಸಿದರು. ಈ ವಾದವು ಉದ್ದ, ವೇಗ, ಲಾಕ್‌ಗಳ ಜೊತೆಗೆ ಮೊನೆಯನ್ನು ನಾಲ್ಕನೆಯ ಲಕ್ಷಣವಾಗಿ ಚರ್ಚೆಗೆ ತಂದಿತು.

ಲಕ್ಷಣಗಳನ್ನು ಅಕ್ಷರಶಃ ಅನ್ವಯಿಸಿದಾಗ ವಿಚಿತ್ರ ಫಲಿತಾಂಶಗಳೂ ಬರುತ್ತವೆ. ಹರಿತವೂ ಇಲ್ಲದ, ಮೊನೆಯೂ ಇಲ್ಲದ ಬೆಣ್ಣೆ ಸವರುವ ಚಾಕು ಸಹ ಅಲಗುಳ್ಳ ವಸ್ತುವೇ ಎಂದು 2005ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ತೀರ್ಮಾನಿಸಿತು. ಸ್ಕ್ರೂಡ್ರೈವರ್ ಅಲಗುಳ್ಳ ವಸ್ತುವಲ್ಲ ಎಂದು 1998ರಲ್ಲಿ ಮತ್ತೊಂದು ತೀರ್ಪು ಹೇಳಿತ್ತು.

ಆದರೂ ಲಕ್ಷಣಗಳನ್ನು ಕೈಬಿಟ್ಟರೆ ಉಳಿಯುವ ಮಾರ್ಗಗಳು ಎರಡೇ. ಒಂದು, ಪ್ರತಿ ಪ್ರಕರಣದಲ್ಲೂ ಉದ್ದೇಶವನ್ನು ಸಾಬೀತುಪಡಿಸುವುದು. ಇದರಲ್ಲಿ ಚಾಕು ಹೊರಬರುವವರೆಗೂ ಕಾನೂನು ಕಾಯಬೇಕಾಗಬಹುದು. ಇನ್ನೊಂದು, ಎಲ್ಲವನ್ನೂ ಪೊಲೀಸರ ವಿವೇಚನೆಗೆ ಬಿಡುವುದು. ಇದರಲ್ಲಿ ಒಯ್ಯುವವನಿಗೆ ತಾನು ಕಾನೂನಿನ ಯಾವ ಬದಿಯಲ್ಲಿದ್ದೇನೆ ಎಂಬುದು ಮುಂಚಿತವಾಗಿ ತಿಳಿಯದು. ನ್ಯೂಯಾರ್ಕಿನ ಮಣಿಕಟ್ಟಿನ ಪರೀಕ್ಷೆ ಬಿದ್ದುಹೋದದ್ದು ಈ ಕಾರಣದಿಂದಲೇ. 3 ಅಂಗುಲದ ಗಡಿ ದೇಹವಿಜ್ಞಾನದ ದೃಷ್ಟಿಯಲ್ಲಿ ಎಷ್ಟೇ ಕೃತಕವಾಗಿದ್ದರೂ, ಚಾಕುವನ್ನು ಜೇಬಿಗೆ ಹಾಕುವ ಮೊದಲು ಯಾರು ಬೇಕಾದರೂ ಅದನ್ನು ಅಳೆದು ನೋಡಬಹುದು.

## ಇವನ್ನೂ ನೋಡಿ

* ಚಾಕು
* ಕಿರ್ಪಾನ್
* ಶಸ್ತ್ರಾಸ್ತ್ರ ಕಾಯ್ದೆ, 1959
* ನ್ಯಾಯವೈದ್ಯಶಾಸ್ತ್ರ